ಶೀಟಿನಲ್ಲಿ ಒಂದು ಬ್ಯಾಗಿಗೆ 249 ಲಾಭ, ಕೈಯಲ್ಲಿ ಅಷ್ಟಿಲ್ಲ. ಲೆಕ್ಕ ಎಲ್ಲಿ ತಪ್ಪುತ್ತಿದೆ?

ಹೆಗಲುಚೀಲ

ಬೆನ್ನಿಗೆ ಹಾಕುವ ಬ್ಯಾಗ್, ಒಂದೇ ಮಾದರಿ, ಎರಡು ಬಣ್ಣ. ಆನ್‌ಲೈನ್ ಮಾರುಕಟ್ಟೆ ತಾಣದಲ್ಲಿ ಮಾರಾಟ. ಕರೆನ್ಸಿ ಯಾವುದಾದರೂ ಇರಲಿ, ತೆರಿಗೆ ಬಿಟ್ಟು ಮಾರಾಟ ಬೆಲೆ 1000 ಅಂತ ಇಟ್ಟುಕೊಳ್ಳಿ, ಉಳಿದದ್ದು ಅದೇ ಅಳತೆಯಲ್ಲಿ.

ಬ್ಯಾಗಿನ ಅಸಲು 450 (ಗೋದಾಮಿಗೆ ತರಿಸಿದ ಬಾಡಿಗೆ ಸೇರಿ). ತಾಣದ ಕಮಿಷನ್ 15%, ಅಂದರೆ 150. ಪ್ರತಿ ಆರ್ಡರಿಗೆ ನಿಗದಿ ಶುಲ್ಕ 20. ಪೇಮೆಂಟ್ ಶುಲ್ಕ 2% ಮತ್ತು ಮೇಲೆ 3, ಒಟ್ಟು 23. ಕೊರಿಯರ್ 90. ಪ್ಯಾಕಿಂಗ್ 18. ಎಲ್ಲ ಕೂಡಿದರೆ 751. ಉಳಿಯುವುದು 249.

ಒಂದು ತಿಂಗಳಲ್ಲಿ ಕಳಿಸಿದ 200 ಬ್ಯಾಗುಗಳಲ್ಲಿ 36 ವಾಪಸ್ ಬಂದವು. ನನ್ನ ಲೆಕ್ಕ: 164 × 249 = 40,836. ಅದರಲ್ಲಿ ವಾಪಸ್ ತರಿಸಿದ ಕೊರಿಯರ್ 36 × 110 = 3,960 ಕಳೆದರೆ 36,876. ಆದರೆ ಸರಕಿನ ದುಡ್ಡು, ಬಿಲ್ಲು ಎಲ್ಲ ಚುಕ್ತಾ ಮಾಡಿ ನೋಡಿದರೆ ಉಳಿದದ್ದು 27 ಸಾವಿರದ ಆಸುಪಾಸು. ಹತ್ತಿರ ಹತ್ತಿರ ಹತ್ತು ಸಾವಿರ ಎಲ್ಲಿ ಸೋರಿತು?

ಧಾರಾಳಿ

ಅಸಲಿಗೆ ಎರಡೂವರೆ ಪಟ್ಟು ಬೆಲೆ ಇಡಿ ಸರ್. 450ಕ್ಕೆ 1125. ಬೆಲೆ ಕಡಿಮೆ ಇಟ್ಟಿದ್ದೇ ತೊಂದರೆ.

ಹೆಗಲುಚೀಲ

ಬೆಲೆ ಎಷ್ಟಿಡಬೇಕು ಅಂತ ಕೇಳಿಲ್ಲ ಸರ್. ಇಟ್ಟ ಬೆಲೆಗೆ ನಿಜವಾಗಿ ಎಷ್ಟು ಗಿಟ್ಟುತ್ತಿದೆ ಅಂತ ತಿಳಿಯದೆ ಬೆಲೆ ಏರಿಸಿ ಏನು ಮಾಡಲಿ?

ತಾಳೆಪಟ್ಟಿ

ನಿಮ್ಮ 249 ಸರಿಯಾಗಿಯೇ ಇದೆ. ಆದರೆ ಅದು ಹೋಗಿ ಅಲ್ಲೇ ಉಳಿದ ಬ್ಯಾಗಿನ ಲಾಭ. ವಾಪಸ್ ಬಂದ ಬ್ಯಾಗಿಗೆ ನೀವು ಹಿಡಿದ ಖರ್ಚು ಬರೀ 110, ಸೋರಿಕೆ ಇರುವುದು ಅಲ್ಲಿ. ವಾಪಸ್ ಬಂದ ಆರ್ಡರನ್ನು ‘ಮಾರಾಟವೇ ಆಗಲಿಲ್ಲ’ ಎಂದುಕೊಂಡು ಸಾಲಿನಿಂದ ಅಳಿಸಿಬಿಟ್ಟಿದ್ದೀರಿ. ಮಾರಾಟ ಅಳಿಸಿಹೋಯಿತು ನಿಜ, ಖರ್ಚು ಅಳಿಸಿಹೋಗಲಿಲ್ಲ.

ಒಂದು ಕೆಲಸ ಮಾಡಿ. ಸೆಟ್ಲ್‌ಮೆಂಟ್ ರಿಪೋರ್ಟ್ ಇಳಿಸಿಕೊಂಡು, ವಾಪಸ್ ಬಂದ ಯಾವುದಾದರೂ ಒಂದೇ ಒಂದು ಆರ್ಡರ್ ನಂಬರನ್ನು ಹುಡುಕಿ. ಅದೇ ನಂಬರಿನಲ್ಲಿ ನಾಲ್ಕೈದು ಸಾಲು ಸಿಗುತ್ತವೆ: ಮಾರಾಟದ ದಿನ ಒಂದಿಷ್ಟು, ರೀಫಂಡ್ ಆದ ದಿನ ಒಂದಿಷ್ಟು. ಎಲ್ಲವನ್ನೂ ಕೂಡಿ. ಮೊತ್ತ ಸೊನ್ನೆ ಬರಬೇಕಿತ್ತು ಅಂತ ನೀವು ಅಂದುಕೊಂಡಿದ್ದೀರಿ, ಬರುವುದಿಲ್ಲ. ಬಂದ ಮೊತ್ತವನ್ನು ಇಲ್ಲಿ ಹಾಕಿ. ಬಂದ ಬ್ಯಾಗುಗಳಲ್ಲಿ ಎಷ್ಟು ಮತ್ತೆ ಹೊಸದಾಗಿ ಮಾರುವ ಸ್ಥಿತಿಯಲ್ಲಿದ್ದವು ಎನ್ನುವುದೂ ಬೇಕು.

ಹೆಗಲುಚೀಲ

ಮೂರು ಆರ್ಡರ್ ನೋಡಿದೆ, ಮೂರೂ ಒಂದೇ ಥರ. ಗ್ರಾಹಕರಿಗೆ 1000 ಪೂರ್ತಿ ಹೋಗಿದೆ. ಕಮಿಷನ್ 150ರಲ್ಲಿ 120 ಮಾತ್ರ ವಾಪಸ್ ಕೊಟ್ಟಿದ್ದಾರೆ, 30 ‘ರೀಫಂಡ್ ನಿರ್ವಹಣೆ’ ಅಂತ ಇಟ್ಟುಕೊಂಡಿದ್ದಾರೆ. ನಿಗದಿ ಶುಲ್ಕ 20 ಬಂದಿಲ್ಲ. ಪೇಮೆಂಟ್ ಶುಲ್ಕ 23 ಬಂದಿಲ್ಲ. ಹೋದ ಕೊರಿಯರ್ 90, ಬಂದ ಕೊರಿಯರ್ 110, ಎರಡೂ ನನ್ನ ತಲೆಗೇ.

36ರಲ್ಲಿ 27 ಬ್ಯಾಗ್ ಹೊಸದರಂತೆ ಇದ್ದವು. 5 ಬ್ಯಾಗಿನ ಟ್ಯಾಗ್ ಕಿತ್ತಿತ್ತು, ಒಳಗೆ ಪುಸ್ತಕ ಇಟ್ಟ ಗುರುತು ಇತ್ತು, ಅವನ್ನು ರಿಯಾಯಿತಿಗೆ ಕೊಟ್ಟೆ. ಕೈಗೆ ಬಂದದ್ದನ್ನು ಅಸಲಿಗೆ ಹೋಲಿಸಿದರೆ ಒಂದಕ್ಕೆ 180 ನಷ್ಟ. 4 ಬ್ಯಾಗ್ ಜಿಪ್ ಹರಿದು, ಕಲೆಯಾಗಿ ಬಂದವು, ಎಸೆದದ್ದೇ. ವಾಪಸ್ ಬಂದದ್ದನ್ನು ಬಿಚ್ಚಿ ನೋಡಿ ಒರೆಸಿ ಮತ್ತೆ ಮಡಚಿಡಲು ಹುಡುಗನಿಗೆ ಒಂದಕ್ಕೆ 15 ಕೊಡುತ್ತೇನೆ.

ಬಾಬತ್ತು

ಪೇಮೆಂಟ್ ಶುಲ್ಕ ವಾಪಸ್ ಬರದೇ ಇರುವುದು ನಿಮ್ಮೊಬ್ಬರದೇ ಕಥೆಯಲ್ಲ. ಸ್ಟ್ರೈಪ್, ಪೇಪಾಲ್ ಎರಡೂ ರೀಫಂಡ್ ಮಾಡಿದಾಗ ಮೊದಲು ಕತ್ತರಿಸಿದ ಶುಲ್ಕವನ್ನು ಹಿಂದಿರುಗಿಸುವುದಿಲ್ಲ. ಹಣ ಹೋಯಿತು, ಹಣ ಬಂತು, ಅವರ ಕೆಲಸ ಮುಗಿಯಿತು ಅನ್ನುವ ಲೆಕ್ಕ.

ತಾಳೆಪಟ್ಟಿ

ಬೇಕಾದದ್ದೆಲ್ಲ ಸಿಕ್ಕಿತು. ಒಂದು ರಿಟರ್ನಿನ ನಷ್ಟವನ್ನು ಸಾಲು ಸಾಲಾಗಿ ಬರೆಯೋಣ.

ಹೋದ ಕೊರಿಯರ್ 90, ಬಂದ ಕೊರಿಯರ್ 110, ಹಾಳಾದ ಪ್ಯಾಕಿಂಗ್ 18, ಪೇಮೆಂಟ್ ಶುಲ್ಕ 23, ನಿಗದಿ ಶುಲ್ಕ 20, ಉಳಿಸಿಕೊಂಡ ಕಮಿಷನ್ 30, ಬಿಚ್ಚಿ ನೋಡುವ ಕೂಲಿ 15. ಇಲ್ಲಿಗೆ 306.

ಇನ್ನು ಸರಕಿನ ನಷ್ಟ. 5 × 180 = 900, 4 × 450 = 1,800, ಒಟ್ಟು 2,700. ಇದನ್ನು ಆ ಒಂಬತ್ತು ಬ್ಯಾಗಿನ ಮೇಲೆ ಮಾತ್ರ ಹಾಕಬೇಡಿ, 36ಕ್ಕೂ ಹಂಚಿ: ಒಂದಕ್ಕೆ 75. ಯಾವ ಬ್ಯಾಗ್ ಹಾಳಾಗಿ ಬರುತ್ತದೆ ಅಂತ ಮೊದಲೇ ಗೊತ್ತಿರುವುದಿಲ್ಲವಲ್ಲ.

306 + 75 = 381. ನೀವು ಹಿಡಿದದ್ದು 110. ವ್ಯತ್ಯಾಸ 271. ಅದನ್ನು 36ರಿಂದ ಗುಣಿಸಿ: 9,756. ನೀವು ಹುಡುಕುತ್ತಿದ್ದ ಹತ್ತು ಸಾವಿರ ಇದೇ. 40,836ರಲ್ಲಿ 36 × 381 = 13,716 ಕಳೆದರೆ 27,120.

ಎರಡು ಕಡೆ ಜನ ಎಡವುತ್ತಾರೆ. ಚೆನ್ನಾಗಿರುವ 27 ಬ್ಯಾಗುಗಳ ಅಸಲನ್ನು ಇಲ್ಲಿ ಖರ್ಚು ಹಿಡಿಯಬಾರದು, ಅವು ಗೋದಾಮಿಗೆ ಮರಳಿವೆ. ಹಾಗೆಯೇ ಆ 27ನ್ನು ಮತ್ತೆ ಕಳಿಸುವಾಗ ಹಾಕುವ ಹೊಸ ಪ್ಯಾಕಿಂಗನ್ನೂ ಇಲ್ಲಿ ಸೇರಿಸಬಾರದು; ಅದು ಮುಂದಿನ ಮಾರಾಟದ 18ರೊಳಗೆ ಆಗಲೇ ಇದೆ. ಸೇರಿಸಿದರೆ ಒಂದೇ ಖರ್ಚು ಎರಡು ಸಲ ಬರುತ್ತದೆ.

ವೇಗದೂತ

ಸುಲಭದ ದಾರಿ ಇದೆ. ರಿಟರ್ನ್ ದರ 18%, ನಷ್ಟ 381. 381ರ 18% ಅಂದರೆ 68.58. ಅದನ್ನು 249ರಲ್ಲಿ ಕಳೆಯಿರಿ, ಒಂದಕ್ಕೆ 180 ಚಿಲ್ಲರೆ ಉಳಿಯುತ್ತದೆ. ನಾನು ವರ್ಷಗಳಿಂದ ಹೀಗೇ ಮಾಡುವುದು. ಇಷ್ಟುದ್ದ ಬೇಕಾಗಿಲ್ಲ.

ತಾಳೆಪಟ್ಟಿ

ಗುಣಿಸಿ ನೋಡಿ. 180.42 × 200 = 36,084. 180.42 × 164 = ಸುಮಾರು 29,589. ಉಳಿದದ್ದು 27,120. ಎರಡಕ್ಕೂ ತಾಳೆ ಆಗುತ್ತಿಲ್ಲ.

381 ಸರಿ, 18% ಕೂಡ ಸರಿ. ತಪ್ಪಿದ್ದು ಯಾವುದರಿಂದ ಯಾವುದನ್ನು ಕಳೆದಿರಿ ಎನ್ನುವಲ್ಲಿ. 68.58 ಎನ್ನುವುದು ಕಳಿಸಿದ 200 ಬ್ಯಾಗುಗಳ ಮೇಲೆ ಹಂಚಿದ ನಷ್ಟ. 249 ಎನ್ನುವುದು 164 ಬ್ಯಾಗುಗಳಿಗೆ ಮಾತ್ರ ಬಂದ ಲಾಭ. ಎರಡಕ್ಕೂ ಛೇದ ಬೇರೆ. ಛೇದ ಒಂದಾಗದೆ ಭಿನ್ನರಾಶಿ ಕಳೆಯಬಾರದು ಅಂತ ಶಾಲೆಯಲ್ಲಿ ಹೇಳಿಕೊಟ್ಟದ್ದೇ ಇಲ್ಲೂ.

ಕಳಿಸಿದ ಬ್ಯಾಗಿನ ಲೆಕ್ಕ ಬೇಕಾದರೆ ಲಾಭವನ್ನೂ ಹಂಚಿ: 249ರ 82% = 204.18, ಅದರಲ್ಲಿ 68.58 ಕಳೆದರೆ 135.60. ಗ್ರಾಹಕರ ಬಳಿ ಉಳಿದ ಬ್ಯಾಗಿನ ಲೆಕ್ಕ ಬೇಕಾದರೆ ನಷ್ಟವನ್ನು 164ರ ಮೇಲೆ ಹಂಚಿ: 36ನ್ನು 164ರಿಂದ ಭಾಗಿಸಿದರೆ 0.2195, ಅದನ್ನು 381ಕ್ಕೆ ಗುಣಿಸಿದರೆ 83.63. 249ರಲ್ಲಿ ಕಳೆದರೆ 165.37. ಈಗ 135.60 × 200 ಮಾಡಿ, 165.37 × 164 ಮಾಡಿ. ಪೈಸೆ ಲೆಕ್ಕ ಬಿಟ್ಟರೆ ಎರಡೂ 27,120.

ರಿಟರ್ನ್ 3–4% ಇದ್ದವರಿಗೆ ನಿಮ್ಮ ದಾರಿಯೂ ಹೆಚ್ಚು ಕಡಿಮೆ ಅದೇ ಉತ್ತರ ಕೊಡುತ್ತದೆ, ಅದಕ್ಕೇ ವರ್ಷಗಟ್ಟಲೆ ತಪ್ಪು ಕಣ್ಣಿಗೆ ಬೀಳುವುದಿಲ್ಲ. 18% ಆದಾಗ ಬೀಳುತ್ತದೆ.

ವೇಗದೂತ

ಛೇದದ ಮಾತು ಒಪ್ಪಿದೆ. ನನ್ನದು ರಿಟರ್ನ್ 4%. ಆದರೂ ಒಂದಕ್ಕೆ ಎರಡು ಉತ್ತರ ಕೊಟ್ಟರೆ ಹೇಗೆ? 135 ನಂಬಲೋ 165 ನಂಬಲೋ?

ತಾಳೆಪಟ್ಟಿ

ಯಾವ ಪ್ರಶ್ನೆಗೆ ಉತ್ತರ ಬೇಕು ಅನ್ನುವುದರ ಮೇಲೆ. ಜಾಹೀರಾತಿಗೆ ಒಂದು ಆರ್ಡರಿಗೆ ಎಷ್ಟು ಸುರಿಯಬಹುದು ಅಂತ ನೋಡುವಾಗ 135 ನೋಡಿ, ಏಕೆಂದರೆ ಆರ್ಡರ್ ಬಂದಾಗ ಅದು ಉಳಿಯುತ್ತದೋ ಮರಳುತ್ತದೋ ಗೊತ್ತಿಲ್ಲ, ಜಾಹೀರಾತಿನ ದುಡ್ಡು ಮಾತ್ರ ಎರಡಕ್ಕೂ ಹೋಗಿರುತ್ತದೆ. ವರ್ಷದ ನಿವ್ವಳ ಮಾರಾಟ ಇಷ್ಟಾದರೆ ಲಾಭ ಎಷ್ಟು ಅಂತ ಅಂದಾಜು ಹಾಕುವಾಗ 165.

ಶೀಟಿನಲ್ಲಿ B1ಗೆ ಕಳಿಸಿದ್ದು, B2ಗೆ ವಾಪಸ್ ಬಂದದ್ದು, B3ಗೆ ಉಳಿದ ಬ್ಯಾಗಿನ ಲಾಭ, B4ಗೆ ಒಂದು ರಿಟರ್ನಿನ ನಷ್ಟ ಹಾಕಿ:

```
=((B1-B2)*B3-B2*B4)/B1
=((B1-B2)*B3-B2*B4)/(B1-B2)
=B3/(B3+B4)
```

ಮೂರನೆಯದು ರಿಟರ್ನ್ ಎಷ್ಟು ಶೇಕಡಕ್ಕೆ ಮುಟ್ಟಿದರೆ ಲಾಭ ಪೂರ್ತಿ ಸೊನ್ನೆಯಾಗುತ್ತದೆ ಎಂದು ಹೇಳುತ್ತದೆ. ನಿಮಗೆ 249ನ್ನು 630ರಿಂದ ಭಾಗಿಸಿದರೆ 39.5%. ಐದರಲ್ಲಿ ಎರಡು ಬ್ಯಾಗ್ ಮರಳಿ ಬಂದರೆ ಇಡೀ ತಿಂಗಳು ಕೊರಿಯರಿನವರಿಗಾಗಿ ದುಡಿದಂತೆ.

ಗಾಜಿನಕೋಣೆ

ನನ್ನದು ಗಾಜಿನ ಲೋಟಗಳ ಸೆಟ್. ರಿಟರ್ನ್ ಅಂತ ಒಂದೂ ಬರುವುದಿಲ್ಲ ಅನ್ನಬಹುದು, ಆದರೆ 100ರಲ್ಲಿ 5 ಒಡೆದು ತಲುಪುತ್ತವೆ. ಚೂರುಗಳನ್ನು ವಾಪಸ್ ತರಿಸಿ ಏನು ಮಾಡಲಿ, ಇನ್ನೊಂದು ಸೆಟ್ ಕಳಿಸುತ್ತೇನೆ. ಈ ಸೂತ್ರ ನನಗೂ ಆಗುತ್ತದೆಯೇ? ರಿಟರ್ನ್ ಸೊನ್ನೆ ಅಂತ ಹಾಕಿದರೆ ಲಾಭ ತುಂಬ ಚೆನ್ನಾಗಿ ಕಾಣುತ್ತದೆ.

ತಾಳೆಪಟ್ಟಿ

ಚೆನ್ನಾಗಿ ಕಾಣುತ್ತದೆ, ಸುಳ್ಳು ಹೇಳುತ್ತದೆ. ನಿಮ್ಮಲ್ಲಿ ಮಾರಾಟ ಅಳಿಸಿಹೋಗುವುದಿಲ್ಲ ಮೇಡಂ, ಗ್ರಾಹಕರ ದುಡ್ಡು ನಿಮ್ಮ ಬಳಿಯೇ ಇದೆ, ಕಮಿಷನ್ ಕೂಡ ಒಂದೇ ಸಲ. ಆದ್ದರಿಂದ 164ರಿಂದ ಭಾಗಿಸುವ ತಾಪತ್ರಯ ನಿಮಗಿಲ್ಲ. ಹೆಚ್ಚಾಗುವುದು ಎರಡನೇ ಸೆಟ್ಟಿನ ಅಸಲು, ಎರಡನೇ ಪ್ಯಾಕಿಂಗ್, ಎರಡನೇ ಕೊರಿಯರ್. ಆ ಮೂರರ ಮೊತ್ತದ 5%ನ್ನು ಪ್ರತಿ ಸೆಟ್ಟಿನ ಲಾಭದಿಂದ ನೇರವಾಗಿ ಕಳೆಯಿರಿ. ಎರಡನೆಯದೂ ಒಡೆಯುವ ಸಾಧ್ಯತೆ ಇದೆ, ಆದರೆ ಅದು 5%ರ 5%, ಸದ್ಯಕ್ಕೆ ಬಿಡಿ.

ಬದಲಿ ಕಳಿಸಿದ್ದು ನಿಮ್ಮ ರಿಪೋರ್ಟಿನಲ್ಲಿ ಸೊನ್ನೆ ಬೆಲೆಯ ಆರ್ಡರ್ ಆಗಿ ಬರುತ್ತದೋ, ಬರುವುದೇ ಇಲ್ಲವೋ ನೋಡಿಕೊಳ್ಳಿ. ಸುಮಾರು ಜನ ಬದಲಿಯನ್ನು ತಾಣದ ಹೊರಗೆ ಕೈಯಾರೆ ಕೊರಿಯರ್ ಮಾಡುತ್ತಾರೆ. ಆಗ ಆ ಖರ್ಚು ‘ಇತರೆ’ಗೆ ಹೋಗಿ ಅಡಗಿಕೊಳ್ಳುತ್ತದೆ.

ಗಾಜಿನಕೋಣೆ

ಇತರೆಯಲ್ಲೇ ಇದೆ 🙂 ನೋಡುತ್ತೇನೆ.

ಸೆಂಟಿಮೀಟರ್

ಹೆಗಲುಚೀಲ ಅವರೇ, ಆ 90 ದರಪಟ್ಟಿಯಿಂದ ತೆಗೆದದ್ದೋ, ಕೊರಿಯರ್ ಬಿಲ್ಲಿನಿಂದಲೋ? ಬ್ಯಾಗು ಹಗುರ, ಆದರೆ ಜಾಗ ತಿನ್ನುವ ಸಾಮಾನು. ಕೊರಿಯರಿನವರು ತಕ್ಕಡಿ ತೂಕ, ಗಾತ್ರದ ತೂಕ ಎರಡನ್ನೂ ನೋಡಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು ಹಾಕುತ್ತಾರೆ.

ಹೆಗಲುಚೀಲ

ಮೇಲೆ ಹೇಳಿದ ತಿಂಗಳಿನದು ಬಿಲ್ಲಿನಿಂದಲೇ. ಆದರೆ ಈ ತಿಂಗಳ ಬಿಲ್ಲಿನಲ್ಲಿ ಕೆಲವು ಕಡೆ 130 ಅಂತ ಇದೆ, ಊರು ದೂರ ಇರಬೇಕು ಅಂದುಕೊಂಡೆ. ಬ್ಯಾಗ್ 700 ಗ್ರಾಂ. ಪ್ಲಾಸ್ಟಿಕ್ ಕವರಿನಲ್ಲಿ 40 × 30 ಸೆಂ.ಮೀ., ಮಡಚಿದರೆ ದಪ್ಪ 6 ಸೆಂ.ಮೀ. ಮೊದಲ ಅರ್ಧ ಕಿಲೋಗೆ 50, ಆಮೇಲೆ ಪ್ರತಿ ಅರ್ಧ ಕಿಲೋಗೆ 20.

ಸೆಂಟಿಮೀಟರ್

ಹಾಗಾದರೆ ಊರಿನ ದೂರ ಅಲ್ಲ, ದಪ್ಪ. 40 × 30 × 6 = 7,200. ಸೆಂಟಿಮೀಟರಿನಲ್ಲಿ ಅಳೆದದ್ದನ್ನು 5000ದಿಂದ ಭಾಗಿಸುವುದು ಸಾಮಾನ್ಯ ರೂಢಿ (ಕೆಲವರ ಒಪ್ಪಂದದಲ್ಲಿ 4000 ಅಥವಾ 6000 ಇರುತ್ತದೆ, ನಿಮ್ಮದು ನೋಡಿಕೊಳ್ಳಿ). 1.44 ಕಿಲೋ. ಅರ್ಧ ಕಿಲೋದ ಮೆಟ್ಟಿಲಿನಲ್ಲಿ 1.5ಕ್ಕೆ ಏರುತ್ತದೆ: 50 + 20 + 20 = 90. ನಿಮ್ಮ ತಕ್ಕಡಿಯ 700 ಗ್ರಾಂ ಯಾವ ಲೆಕ್ಕಕ್ಕೂ ಇಲ್ಲ.

ಈಗ ಅದೇ ಕವರು ಉಬ್ಬಿ 9 ಸೆಂ.ಮೀ. ಆಯಿತು ಅನ್ನಿ. 10,800ನ್ನು 5000ದಿಂದ ಭಾಗಿಸಿ, 2.16. ಮೆಟ್ಟಿಲು 2.5. 50 + 80 = 130. ಅದೇ ಬ್ಯಾಗ್, ಅದೇ ಊರು.

ನಿಮ್ಮ ಗಡಿ 6.25 ಸೆಂ.ಮೀ., ಅದಕ್ಕಿಂತ ಕೂದಲೆಳೆ ಹೆಚ್ಚಾದರೂ ಮುಂದಿನ ಮೆಟ್ಟಿಲು. ಅಳತೆಯನ್ನು ಪೂರ್ಣಾಂಕಕ್ಕೆ ಏರಿಸುವ ಕೊರಿಯರ್ ಆದರೆ 6.1 ಇದ್ದರೂ 7 ಅಂತ ಬರೆದುಕೊಳ್ಳುತ್ತಾರೆ. ಹಾಗಾಗಿ 6ರ ಒಳಗೇ ಇಡಬೇಕು. ಇತ್ತೀಚೆಗೆ ಪ್ಯಾಕಿಂಗಿನಲ್ಲಿ ಏನಾದರೂ ಬದಲಿಸಿದಿರಾ?

ಹೆಗಲುಚೀಲ

ಬ್ಯಾಗಿನ ಆಕಾರ ಕೆಡದಿರಲಿ ಅಂತ ಒಳಗೆ ಉಂಡೆ ಮಾಡಿದ ಕಾಗದ ತುಂಬಿಸಲು ಶುರು ಮಾಡಿದ್ದೆವು.

ಸೆಂಟಿಮೀಟರ್

ಸಿಕ್ಕಿತಲ್ಲ. ಕಾಗದಕ್ಕೆ ಕಾಸು ಎರಡು, ಕೊರಿಯರಿಗೆ ನಲವತ್ತು. ಕಾಗದ ತೆಗೆದು, ಬೆನ್ನಿನ ಭಾಗ ಕೆಳಗೆ ಬರುವಂತೆ ಮಲಗಿಸಿ, ಗಾಳಿ ಒತ್ತಿ ತೆಗೆದು ಅಂಟಿಸಿ. ಮೇಜಿನ ಮೇಲೆ 6 ಸೆಂ.ಮೀ. ಎತ್ತರದಲ್ಲಿ ಒಂದು ಅಡ್ಡಪಟ್ಟಿ ಕಟ್ಟಿಬಿಡಿ, ಅಂಟಿಸಿದ ಕವರು ಅದರಡಿ ಜಾರಬೇಕು. ಜಾರದಿದ್ದರೆ ಮತ್ತೆ ಬಿಚ್ಚುವುದು. ಹುಡುಗರಿಗೆ ಟೇಪು ಹಿಡಿದು ಅಳೆಯಿರಿ ಅಂದರೆ ನಾಲ್ಕು ದಿನ ಅಳೆಯುತ್ತಾರೆ ಅಷ್ಟೇ.

ಗ್ರಾಹಕರು ವಾಪಸ್ ಕಳಿಸುವಾಗ ಹೇಗೆ ತುರುಕುತ್ತಾರೋ ಅದು ನಿಮ್ಮ ಕೈಯಲ್ಲಿಲ್ಲ. ಬಂದ ಕೊರಿಯರ್ 110 ಆಗಿರುವುದು ಬಹುಶಃ ಅದಕ್ಕೇ. ನಿಮ್ಮ ದರದಲ್ಲಿ 110 ಅಂದರೆ 2 ಕಿಲೋ ಮೆಟ್ಟಿಲು.

ದಿನಚರಿ

ಇನ್ನೊಂದು ಮಾತು, ಯಾರೂ ಎತ್ತಲಿಲ್ಲ. 200ಕ್ಕೆ 36 ಅಂದಿರಲ್ಲ, ಆ 36 ಅದೇ 200ರೊಳಗಿನವೋ, ಅಥವಾ ಆ ತಿಂಗಳು ಬಾಗಿಲಿಗೆ ಬಂದ ರಿಟರ್ನುಗಳೋ?

ಹೆಗಲುಚೀಲ

ಆರ್ಡರ್ ನಂಬರ್ ಹಿಡಿದು ಎಣಿಸಿದ್ದು. ಅದೇ 200ರವು. ವ್ಯತ್ಯಾಸ ಏನು?

ದಿನಚರಿ

ನೀವು ಮಾಡಿದ್ದೇ ಸರಿ. ಹೆಚ್ಚಿನವರು ಈ ತಿಂಗಳ ರಿಟರ್ನನ್ನು ಈ ತಿಂಗಳ ಮಾರಾಟದಿಂದ ಭಾಗಿಸುತ್ತಾರೆ. ಹೋದ ತಿಂಗಳು 100 ಕಳಿಸಿದಿರಿ, ಈ ತಿಂಗಳು 200. ಈಗ ಬಾಗಿಲಿಗೆ ಬರುತ್ತಿರುವುದು ಬಹುಪಾಲು ಹೋದ ತಿಂಗಳಿನವು, 18. ಅದನ್ನು 200ರಿಂದ ಭಾಗಿಸಿದರೆ 9% ಅಂತ ತೋರಿಸುತ್ತದೆ. ವ್ಯಾಪಾರ ಬೆಳೆಯುವಷ್ಟು ಕಾಲ ರಿಟರ್ನ್ ಕಡಿಮೆ ಕಾಣುತ್ತದೆ. ಬೆಳವಣಿಗೆ ನಿಂತ ತಿಂಗಳು ಒಮ್ಮೆಲೇ ದುಪ್ಪಟ್ಟಾದಂತೆ ಕಂಡು ಗಾಬರಿ ಬೀಳುತ್ತಾರೆ, ಆಗಿರುವುದು ಏನೂ ಇಲ್ಲ.

ಕಳಿಸಿದ ದಿನದ ಮೇಲೆ ಗುಂಪು ಮಾಡಿ, ಆ ಗುಂಪಿನ ವಾಪಸಾತಿ ಅವಧಿ ಮುಗಿದು ಪಾರ್ಸಲ್ ದಾರಿಯ ದಿನಗಳೂ ಕಳೆದ ಮೇಲಷ್ಟೇ ಆ ತಿಂಗಳ ಲೆಕ್ಕ ಮುಚ್ಚಿ. 30 ದಿನದ ವಾಪಸಾತಿ ಇದ್ದರೆ ಕೊನೇ ಪಾರ್ಸಲ್ ತಲುಪಿದ ಮೇಲೆ ಆರು ವಾರ ಅಂತ ಇಟ್ಟುಕೊಳ್ಳುವುದು ಕ್ಷೇಮ. ಅಲ್ಲಿಯವರೆಗೆ ಅಂದಾಜಿಗೆ ಹಿಂದಿನ ಮುಚ್ಚಿದ ತಿಂಗಳ ದರವನ್ನೇ ಬಳಸಿ.

ಬಾಬತ್ತು

ನಿಮ್ಮ ಪ್ಯಾಕಿಂಗ್ 18ರಲ್ಲಿ ಪ್ಯಾಕ್ ಮಾಡುವವರ ಕೂಲಿ ಇದೆಯೇ? ರಿಟರ್ನ್ ನೋಡುವ ಹುಡುಗನಿಗೆ 15 ಹಿಡಿದಿದ್ದೀರಿ, ಹೊರಗೆ ಕಳಿಸುವವರದು ಕಾಣುತ್ತಿಲ್ಲ.

ಹೆಗಲುಚೀಲ

ಇಲ್ಲ. 18 ಅಂದರೆ ಕವರು, ಲೇಬಲ್, ಟೇಪು, ಒಳಗಿನ ಚೀಟಿ ಅಷ್ಟೇ. ಪ್ಯಾಕಿಂಗಿಗೆ ಇರುವವರಿಗೆ ತಿಂಗಳ ಸಂಬಳ, ರಿಟರ್ನ್ ಹುಡುಗನಿಗೆ ಎಣಿಕೆ ಲೆಕ್ಕ.

ಬಾಬತ್ತು

ಹಾಗಾದರೆ ಹಾಕಬೇಕು. ಸಂಬಳವನ್ನು ತಿಂಗಳ ಪಾರ್ಸಲ್ ಸಂಖ್ಯೆಯಿಂದ ಭಾಗಿಸಿ ಒಂದಕ್ಕೆ ಎಷ್ಟೋ ಅಷ್ಟನ್ನು ಸೇರಿಸಿ. ಇಲ್ಲದಿದ್ದರೆ 165 ಅನ್ನುವುದೂ ಉಬ್ಬಿದ ಅಂಕಿಯೇ.

ತಾಳೆಪಟ್ಟಿ

ನಾನು ಹಾಕುವುದಿಲ್ಲ. ಇನ್ನೊಂದು ಬ್ಯಾಗ್ ಹೆಚ್ಚು ಮಾರಿದರೆ ಸಂಬಳ ಹೆಚ್ಚಾಗುವುದಿಲ್ಲ, ವಾಪಸ್ ಬಂದರೆ ಕಡಿಮೆಯಾಗುವುದಿಲ್ಲ. ಅದನ್ನು ಒಂದೊಂದು ಬ್ಯಾಗಿಗೆ ಹಚ್ಚಿದರೆ, ಮಾರಾಟ ಇಳಿದ ತಿಂಗಳು ‘ಬ್ಯಾಗಿನ ಲಾಭ’ ತಾನಾಗಿ ಇಳಿಯುತ್ತದೆ, ಬ್ಯಾಗಿನಲ್ಲಿ ಏನೂ ಬದಲಾಗಿರುವುದಿಲ್ಲ. ಬಾಡಿಗೆ, ಸಂಬಳ ಕೆಳಗೆ ಬೇರೆ ಸಾಲಿನಲ್ಲಿ ಇರಲಿ.

ಬಾಬತ್ತು

ಕೆಳಗಿನ ಸಾಲನ್ನು ಯಾರು ನೋಡುತ್ತಾರೆ? ಹತ್ತು ಬಗೆಯ ಸಾಮಾನು ಇರುವವರಲ್ಲಿ ಒಂದನ್ನು ಪ್ಯಾಕ್ ಮಾಡಲು ಒಂದು ನಿಮಿಷ, ಇನ್ನೊಂದಕ್ಕೆ ಹನ್ನೆರಡು ನಿಮಿಷ ಹಿಡಿದರೆ, ಸಂಬಳ ಕೆಳಗಿಟ್ಟವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಹನ್ನೆರಡು ನಿಮಿಷದ್ದು ಊಟ ಮಾಡುತ್ತಿರುವುದು ಒಂದು ನಿಮಿಷದ್ದರ ತಟ್ಟೆಯಿಂದ.

ತಾಳೆಪಟ್ಟಿ

ಹತ್ತು ಬಗೆ ಇದ್ದರೆ ನಿಮ್ಮ ಮಾತಿಗೆ ತೂಕ ಇದೆ. ಇವರದು ಒಂದೇ ಮಾದರಿ. ಇಲ್ಲಿ ನಾನು ಬದಲಾಗುವುದಿಲ್ಲ.

ಧಾರಾಳಿ

ಸರಿ, ಈಗಲಾದರೂ ಬೆಲೆಯ ಮಾತು ಎತ್ತಬಹುದಾ? ರಿಟರ್ನ್ ತಿನ್ನುತ್ತಿರುವುದು 84. ಬೆಲೆ 1084 ಮಾಡಿದರೆ ಮುಗಿಯಿತಲ್ಲ.

ತಾಳೆಪಟ್ಟಿ

ಮುಗಿಯುವುದಿಲ್ಲ. ಏರಿಸಿದ ಪ್ರತಿ 100ರಲ್ಲಿ 15 ಕಮಿಷನ್, 2 ಪೇಮೆಂಟ್ ಶುಲ್ಕಕ್ಕೆ ಹೋಗಿ 83 ಉಳಿಯುತ್ತದೆ. ಜೊತೆಗೆ ರಿಟರ್ನಿನ ನಷ್ಟವೂ ತುಸು ಏರುತ್ತದೆ: ಉಳಿಸಿಕೊಳ್ಳುವ ಕಮಿಷನ್ 3, ಪೇಮೆಂಟ್ ಶುಲ್ಕ 2, ಒಟ್ಟು 5, ಅದರ 0.2195 ಪಾಲು 1.1. ಹಾಗಾಗಿ 100 ಏರಿಸಿದರೆ ಕೈಗೆ ದಕ್ಕುವುದು ಸುಮಾರು 82. ಹೋದ 84ನ್ನು ತುಂಬಿಸಬೇಕಾದರೆ 102 ಏರಿಸಬೇಕು. ಅಷ್ಟಾದ ಮೇಲೂ ಮಾರಾಟ ಅಷ್ಟೇ ಇರುತ್ತದೆ ಎನ್ನುವುದು ಬೇರೆಯೇ ಊಹೆ.

ಬಾಬತ್ತು

ಸಾಗಣೆ ಶುಲ್ಕವನ್ನು ಗ್ರಾಹಕರ ಮೇಲೆ ಬೇರೆಯಾಗಿ ಹಾಕಿದರೆ ಕಮಿಷನ್ ತಪ್ಪುತ್ತದೆ ಅಂತ ಕೆಲವರು ನಂಬಿದ್ದಾರೆ. ಎಲ್ಲ ಕಡೆ ತಪ್ಪುವುದಿಲ್ಲ. ಎಟ್ಸಿಯಲ್ಲಿ 2022ರಲ್ಲಿ 5%ನಿಂದ 6.5%ಗೆ ಏರಿದ ವಹಿವಾಟು ಶುಲ್ಕ ಸಾಗಣೆ ಮೊತ್ತದ ಮೇಲೂ ಬೀಳುತ್ತದೆ. ಇಬೇಯಲ್ಲೂ ಶೇಕಡ ಹಾಕುವುದು ಸಾಗಣೆ ಸೇರಿದ ಒಟ್ಟು ಮೊತ್ತಕ್ಕೆ. ‘15% ಯಾವುದರ ಮೇಲೆ’ ಎನ್ನುವ ಸಾಲನ್ನು ಶುಲ್ಕಪಟ್ಟಿಯಲ್ಲಿ ಹುಡುಕಿ ಓದಬೇಕು. ತೆರಿಗೆ ಸೇರಿದ ಬೆಲೆಯ ಮೇಲೆ ಹಾಕುವ ತಾಣವಾದರೆ ನಿಮ್ಮ 150 ಕೂಡ 150 ಆಗಿರುವುದಿಲ್ಲ.

ಹೆಗಲುಚೀಲ

ರಿಪೋರ್ಟಿನಲ್ಲಿ 150 ಅಂತಲೇ ಇದೆ, ಆ ಮಟ್ಟಿಗೆ ಬದುಕಿದೆ.

ಇವತ್ತು ಕೂತು 200ನ್ನು ಬಣ್ಣದ ಪ್ರಕಾರ ಒಡೆದೆ. ಕಪ್ಪು 120 ಕಳಿಸಿದ್ದು, 12 ವಾಪಸ್. ತಿಳಿಬೂದು 80 ಕಳಿಸಿದ್ದು, 24 ವಾಪಸ್! ತಿಳಿಬೂದಿನ 24ರಲ್ಲಿ 15ಕ್ಕೆ ಕಾರಣ ‘ಚಿತ್ರದಲ್ಲಿದ್ದಂತೆ ಇಲ್ಲ’. ಚಿತ್ರ ತೆಗೆದು ನೋಡಿದರೆ ಫೋನಿನಲ್ಲಿ ಅದು ಬೂದೇ ಅಲ್ಲ, ಹೆಚ್ಚು ಕಡಿಮೆ ಬಿಳಿ.

ತಾಳೆಪಟ್ಟಿ

ಇದನ್ನೇ ಮೊದಲು ಮಾಡಬೇಕಿತ್ತು, ನಾನೂ ಕೇಳಲಿಲ್ಲ.

ಕಪ್ಪು: 108 × 249 = 26,892, ಅದರಲ್ಲಿ 12 × 381 = 4,572 ಕಳೆದು 22,320. ಉಳಿದ ಒಂದೊಂದಕ್ಕೆ 206.67. ತಿಳಿಬೂದು: 56 × 249 = 13,944, ಅದರಲ್ಲಿ 24 × 381 = 9,144 ಕಳೆದು 4,800. ಒಂದಕ್ಕೆ 85.71.

ಎರಡೂ ಸೇರಿ ಅದೇ 27,120. 165 ಎನ್ನುವ ಲಾಭ ಯಾವ ಬಣ್ಣದ ಬ್ಯಾಗಿಗೂ ಇರಲಿಲ್ಲ. 381 ಎರಡು ಬಣ್ಣಕ್ಕೂ ಒಂದೇ ಅಂತ ಹಿಡಿದಿದ್ದೇನೆ. ತಿಳಿ ಬಣ್ಣಕ್ಕೆ ಕಲೆ ಬೇಗ ಕಾಣುತ್ತದೆ, ಎಸೆದ ನಾಲ್ಕರಲ್ಲಿ ಎಷ್ಟು ಬೂದು ಅಂತ ನೋಡಿದರೆ ಅಂತರ ಇನ್ನೂ ಹಿಗ್ಗಬಹುದು.

ವೇಗದೂತ

ಹಾಗಾದರೆ ಬೂದು ನಿಲ್ಲಿಸಿಬಿಡಿ.

ದಿನಚರಿ

ನಿಲ್ಲಿಸಿದರೆ 4,800 ಹೋಗುತ್ತದೆ. ಬೂದು ಕೊಳ್ಳುತ್ತಿದ್ದವರು ಕಪ್ಪು ಕೊಂಡರೆ ಸರಿ, ಕೊಳ್ಳದಿದ್ದರೆ ಇರುವುದೂ ಇಲ್ಲ. ಮೊದಲು ಚಿತ್ರ ಬದಲಿಸಿ: ಕಿಟಕಿ ಬೆಳಕಿನಲ್ಲಿ, ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಟ್ಟು, ಬೂದು ಬೂದಾಗಿ ಕಾಣುವಂತೆ. ಹೊಸ ಚಿತ್ರದ ಮೇಲೆ ಬಂದ ಆರ್ಡರುಗಳನ್ನು ಬೇರೆ ಗುಂಪು ಮಾಡಿ ಎಣಿಸಿ. ಮೊದಲ ಹತ್ತು ಆರ್ಡರಿನಲ್ಲಿ ಮೂರು ವಾಪಸ್ ಬಂದರೆ ‘ಏನೂ ಬದಲಾಗಲಿಲ್ಲ’ ಅನ್ನಬೇಡಿ, ಒಂದೂ ಬರದಿದ್ದರೆ ಹಿಗ್ಗಲೂ ಬೇಡಿ. ಹತ್ತರಿಂದ ಏನೂ ತಿಳಿಯುವುದಿಲ್ಲ. 80 ಮುಟ್ಟಲಿ.

ಹೆಗಲುಚೀಲ

ಎಸೆದ ನಾಲ್ಕರಲ್ಲಿ ಮೂರು ಬೂದು. ರಿಯಾಯಿತಿಗೆ ಕೊಟ್ಟ ಐದರ ಬಣ್ಣ ಬರೆದಿಟ್ಟಿಲ್ಲ. ಇನ್ನು ಮೇಲೆ ಬಣ್ಣಕ್ಕೊಂದು ಕಾಲಂ ಹಾಕುತ್ತೇನೆ. ಚಿತ್ರ ನಾಳೆ ತೆಗೆಯುತ್ತೇನೆ, 80 ಆಗಿ ಆರು ವಾರ ಕಳೆದ ಮೇಲೆ ಇಲ್ಲೇ ಅಂಕಿ ಹಾಕುತ್ತೇನೆ.